ಬ್ಯಾಟರಿ ಫರ್ಮ್‌ವೇರ್ ಕೆಲಸ ಹುಡುಕುತ್ತಿದ್ದೇನೆ (ಪುಣೆ, ಬೆಂಗಳೂರು, ಹೊಸೂರು)

ಸ್ನೇಹಿತರೇ, ಹೋದ ಶುಕ್ರವಾರ ನಮ್ಮ ಕಂಪನಿ ಚಾಕಣದಲ್ಲಿದ್ದ ಬ್ಯಾಟರಿ ತಂಡವನ್ನು ಪೂರ್ತಿ ಮುಚ್ಚಿತು. 14 ಜನ ಇದ್ದೆವು, ಅದರಲ್ಲಿ ನಾನೂ ಒಬ್ಬ. ಲೆಕ್ಕಪತ್ರ ಎಲ್ಲ ಸರಿಯಾಗಿ ಮುಗಿದಿದೆ. ನೋಟಿಸ್ ಪೀರಿಯಡ್ ಇಲ್ಲ, ಸೋಮವಾರದಿಂದಲೇ ಸೇರಬಲ್ಲೆ.

ನಾನು ಎಂಬೆಡೆಡ್ ಎಂಜಿನಿಯರ್, 9 ವರ್ಷದ ಅನುಭವ. ಓದಿದ್ದು ಹುಬ್ಬಳ್ಳಿಯಲ್ಲಿ, ಕೆಲಸ ಕಲಿತಿದ್ದೆಲ್ಲ ಪುಣೆಯಲ್ಲೇ. ಕೊನೆಯ 5 ವರ್ಷ ಎಲೆಕ್ಟ್ರಿಕ್ ಆಟೋಗಳ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್‌ಗೆ ಸಿ ಭಾಷೆಯಲ್ಲಿ ಫರ್ಮ್‌ವೇರ್ ಬರೆದಿದ್ದೇನೆ. ಕ್ಯಾನ್ ಬಸ್, ಡಯಾಗ್ನೋಸ್ಟಿಕ್ಸ್, ಬೂಟ್‌ಲೋಡರ್ ಎಲ್ಲ ಕೈಯಾರೆ ಮಾಡಿದ ಕೆಲಸ. 2023ರ ಮಾರ್ಚ್ ಕೊನೆಗೆ ಬ್ಯಾಟರಿ ಸುರಕ್ಷತೆಯ ನಿಯಮವಾದ ಎಐಎಸ್-156ರ ಎರಡನೇ ಹಂತ ಬಂದಾಗ, ಸೆಲ್ ಬಿಸಿಯಾದರೆ ಚಾಲಕನಿಗೆ ಎಚ್ಚರಿಕೆ ಕೊಡುವ ಭಾಗ ನನ್ನದೇ ಆಗಿತ್ತು, ಟೆಸ್ಟಿಂಗ್ ಮುಗಿಯುವವರೆಗೂ ಜೊತೆಗಿದ್ದೆ.

ಒಂದು ಕೆಲಸದ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದ್ರೆ ನಾನು ಹೇಗೆ ಕೆಲಸ ಮಾಡುತ್ತೇನೆ ಅನ್ನೋದು ಅದರಿಂದ ಗೊತ್ತಾಗುತ್ತದೆ. ಮೀಟರಿನಲ್ಲಿ ಇನ್ನೂ 20% ಇದೆ ಅಂತ ತೋರಿಸುತ್ತಿದ್ದಾಗಲೇ ಕೆಲವು ಆಟೋಗಳು ರಸ್ತೆ ಮಧ್ಯೆ ನಿಂತುಬಿಡುತ್ತಿದ್ದವು. ಎಲ್ಎಫ್‌ಪಿ ಸೆಲ್‌ಗಳಲ್ಲಿ ಚಾರ್ಜ್ ಇಳಿಯುತ್ತಾ ಬಂದರೂ ಮಧ್ಯದಲ್ಲಿ ವೋಲ್ಟೇಜ್ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಹಾಗಾಗಿ ಹೋದ-ಬಂದ ಕರೆಂಟನ್ನು ಎಣಿಸಿಯೇ ಲೆಕ್ಕ ಹಿಡಿಯಬೇಕು, ಆ ಎಣಿಕೆ ದಿನಾ ಚೂರು ಚೂರು ತಪ್ಪುತ್ತಾ ಹೋಗುತ್ತದೆ. ನಮ್ಮ ಲೆಕ್ಕ ಸರಿಯಾಗುತ್ತಿದ್ದದ್ದು ಫುಲ್ ಚಾರ್ಜ್ ಆದಾಗ ಮಾತ್ರ. ಆದರೆ ಆಟೋದವರು ಫುಲ್ ಚಾರ್ಜ್ ಮಾಡುವುದೇ ಅಪರೂಪ, ಊಟದ ಹೊತ್ತಿಗೆ ಒಂದಿಷ್ಟು, ಚಹಾ ಹೊತ್ತಿಗೆ ಒಂದಿಷ್ಟು. ಇದು ಲ್ಯಾಬಿನಲ್ಲಿ ಕೂತು ಗೊತ್ತಾಗಲಿಲ್ಲ. ಪಿಂಪ್ರಿ ಸ್ಟ್ಯಾಂಡಿನಲ್ಲಿ ಮೂರು ದಿನ ಚಾಲಕರ ಜೊತೆ ಕೂತ ಮೇಲೆ ಗೊತ್ತಾಯಿತು. ಚಾರ್ಜ್ ತೀರಾ ಕಡಿಮೆ ಇರುವಾಗ ಗಾಡಿ ಹೆಚ್ಚು ಹೊತ್ತು ನಿಂತಿದ್ದರೆ ಆಗಲೂ ಲೆಕ್ಕ ಸರಿಪಡಿಸುವ ಹಾಗೆ ಬದಲಾಯಿಸಿದೆ, ಆಮೇಲೆ ಆ ದೂರು ನಿಂತಿತು.

ಇಂಥದ್ದೇ ಕೆಲಸ ಬೇಕು: ಬ್ಯಾಟರಿ, ಮೋಟರ್ ಕಂಟ್ರೋಲರ್ ಅಥವಾ ಚಾರ್ಜರ್ ಫರ್ಮ್‌ವೇರ್, ಸೀನಿಯರ್ ಅಥವಾ ಲೀಡ್ ಮಟ್ಟದಲ್ಲಿ. ಪುಣೆಯಾದರೆ ಒಳ್ಳೆಯದು, ಮಗಳ ಶಾಲೆ ಇಲ್ಲಿದೆ. ಬೆಂಗಳೂರು, ಹೊಸೂರಿಗೂ ಬರುತ್ತೇನೆ. ಬರೀ ವೆಬ್ ಅಥವಾ ಆ್ಯಪ್ ಕೆಲಸ ಆದರೆ ಬೇಡ, ಅದಕ್ಕೆ ನನಗಿಂತ ಚೆನ್ನಾಗಿ ಮಾಡುವವರಿದ್ದಾರೆ.

ನಿಮ್ಮಿಂದ ಕೇಳುವುದು ಇಷ್ಟೇ. ನಿಮ್ಮ ಕಂಪನಿಯಲ್ಲಿ ಇಂಥ ತಂಡ ಇದ್ದರೆ ಅದರ ಮ್ಯಾನೇಜರ್ ಯಾರು ಅಂತ ಹೇಳಿ, ಇಲ್ಲಾಂದ್ರೆ ಈ ಪೋಸ್ಟ್ ಅವರಿಗೆ ಕಳಿಸಿ. ಸುಮ್ನೆ ಲೈಕ್ ಒತ್ತುವುದಕ್ಕಿಂತ ಒಂದು ಹೆಸರು ಕೊಟ್ಟರೆ ನನಗೆ ನಿಜವಾಗಿ ಉಪಯೋಗ. ಈಗ ಕೆಲಸ ಖಾಲಿ ಇಲ್ಲದಿದ್ದರೂ ಪರವಾಗಿಲ್ಲ, ಪರಿಚಯ ಆದರೆ ಸಾಕು.

ಇನ್ನೊಂದು ಮಾತು. ನನ್ನ ಜೊತೆ ಕೆಲಸ ಕಳಕೊಂಡವರಲ್ಲಿ ಇಬ್ಬರು ಎರಡು ವರ್ಷದ ಅನುಭವದವರು, ಒಬ್ಬಳು ಟೆಸ್ಟಿಂಗಿನಲ್ಲಿ, ಒಬ್ಬ ಹಾರ್ಡ್‌ವೇರಿನಲ್ಲಿ. ಇಬ್ಬರೂ ಗಟ್ಟಿ ಕೆಲಸಗಾರರು, ಅವರ ಪರವಾಗಿ ನಾನೇ ಮಾತಾಡುತ್ತೇನೆ. ಜೂನಿಯರ್ ಹುದ್ದೆ ಇದ್ದರೆ ಅದನ್ನೂ ತಿಳಿಸಿ.

ಇಲ್ಲೇ ಮೆಸೇಜ್ ಮಾಡಿ, ರೆಸ್ಯೂಮೆ ಅದೇ ದಿನ ಕಳಿಸುತ್ತೇನೆ.