ವಾರ್ಷಿಕ ಮಹಾಸಭೆಯ ಧನ್ಯವಾದ ಸಮರ್ಪಣೆ

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಮಾನ್ಯ ಅಧ್ಯಕ್ಷರೇ, ದಕ್ಷಿಣ ಕನ್ನಡ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟದಿಂದ ಆಗಮಿಸಿರುವ ವಿಸ್ತರಣಾಧಿಕಾರಿಗಳೇ, ಲೆಕ್ಕಪರಿಶೋಧಕರೇ, ಆಡಳಿತ ಮಂಡಳಿಯ ಸಹೋದ್ಯೋಗಿಗಳೇ, ಸದಸ್ಯ ಬಂಧುಗಳೇ, ತಮ್ಮೆಲ್ಲರಿಗೂ ನಮಸ್ಕಾರ. 2024–25ನೇ ಸಾಲಿನ ಮಹಾಸಭೆಯ ಕಾರ್ಯಸೂಚಿಯ ವಿಷಯಗಳೆಲ್ಲ ಮುಗಿದಿವೆ. ನಿರ್ದೇಶಕಿಯಾಗಿ ಧನ್ಯವಾದ ಸಮರ್ಪಿಸುವ ಹೊಣೆಯನ್ನು ಮಂಡಳಿ ನನಗೆ ವಹಿಸಿದೆ.

ಮೊದಲಾಗಿ ಮಾನ್ಯ ಅಧ್ಯಕ್ಷರಿಗೆ ವಂದನೆಗಳು. ಬೆಳಿಗ್ಗೆ ಹತ್ತೂವರೆಗೆ ಆರಂಭವಾದ ಸಭೆಯನ್ನು ಅವರು ಇಷ್ಟು ಹೊತ್ತು ಸಮಾಧಾನದಿಂದ ನಡೆಸಿಕೊಟ್ಟರು. ಅದರಲ್ಲೂ ನಮ್ಮ ಹಿರಿಯ ಸದಸ್ಯೆಯೊಬ್ಬರು ಬೆಳಗಿನ ಮತ್ತು ಸಂಜೆಯ ಎರಡು ಚೀಟಿಗಳನ್ನು ಕೈಯಲ್ಲಿ ಹಿಡಿದು ಎದ್ದು ನಿಂತು, "ಒಂದೇ ದನದ ಹಾಲು, ಫ್ಯಾಟ್ ಮಾತ್ರ ಹೊತ್ತಿಗೊಂದು ಯಾಕೆ?" ಎಂದು ಕೇಳಿದಾಗ, ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋಗದೆ ಹಾಲು ಪರೀಕ್ಷಕರನ್ನೇ ವೇದಿಕೆಗೆ ಕರೆಸಿದರು. ರಾತ್ರಿಯ ಬಿಡುವು ಉದ್ದವಾದ್ದರಿಂದ ಬೆಳಿಗ್ಗೆ ಹಾಲು ಹೆಚ್ಚು, ಕೊಬ್ಬಿನ ಅಂಶ ಸ್ವಲ್ಪ ಕಡಿಮೆ. ಹಗಲಿನ ಬಿಡುವು ಕಡಿಮೆಯಿರುವುದರಿಂದ ಸಂಜೆ ಹಾಲು ಕಡಿಮೆ, ಕೊಬ್ಬಿನ ಅಂಶ ಹೆಚ್ಚು ಎಂಬುದನ್ನು ಅವರು ಬಿಡಿಸಿ ಹೇಳಿದಾಗ ಇಡೀ ಸಭೆ ಕಿವಿಗೊಟ್ಟು ಕೇಳಿತು. ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿಯೇ ನಮ್ಮ ಹಾಲಿಗೆ ದರ ಸಿಗುವಾಗ ಈ ಪ್ರಶ್ನೆಗಿಂತ ಮುಖ್ಯವಾದದ್ದು ಕಾರ್ಯಸೂಚಿಯಲ್ಲಿ ಬೇರೆ ಇರಲಿಲ್ಲವೆಂದೇ ನನ್ನ ಅಭಿಪ್ರಾಯ. ಕೇಳಿದ ಆ ಅಮ್ಮನಿಗೂ, ಕೇಳಲು ಅವಕಾಶ ಕೊಟ್ಟ ಅಧ್ಯಕ್ಷರಿಗೂ, ಉತ್ತರಿಸಿದ ಪರೀಕ್ಷಕರಿಗೂ ಸಂಘದ ಪರವಾಗಿ ಕೃತಜ್ಞತೆಗಳು.

ಲೆಕ್ಕಪರಿಶೋಧಕರಿಗೆ ನಾವು ವಿಶೇಷವಾಗಿ ಋಣಿಗಳು. ಕಳೆದ ವರ್ಷ ಪಶು ಆಹಾರದ ದಾಸ್ತಾನು ಪುಸ್ತಕಕ್ಕೂ ಗೋದಾಮಿನಲ್ಲಿದ್ದ ಚೀಲಗಳಿಗೂ ಮೂರು ಚೀಲಗಳ ವ್ಯತ್ಯಾಸ ಬಂದದ್ದು ತಮಗೆ ನೆನಪಿರಬಹುದು. ಈ ಬಾರಿ ಅವರು ಪುಸ್ತಕವನ್ನಷ್ಟೇ ನೋಡಿ ಸಹಿ ಹಾಕಲಿಲ್ಲ. ಗೋದಾಮಿನೊಳಗೆ ಹೋಗಿ, ಗೋಡೆಗೆ ಒತ್ತಿಟ್ಟಿದ್ದ ಅಟ್ಟಿಯ ಹಿಂದಿನ ಸಾಲನ್ನೂ ಬಿಡದೆ ಚೀಲಗಳನ್ನು ಒಂದೊಂದಾಗಿ ಎಣಿಸಿದರು. ಹೊರಗೆ ಬರುವಾಗ ಅವರ ಅಂಗಿಯ ತೋಳಿನ ತುಂಬ ಹಿಂಡಿಯ ಹುಡಿ ಹಿಡಿದಿತ್ತು. ಸಾಲವಾಗಿ ಕೊಟ್ಟ ಚೀಲಗಳನ್ನು ಆ ದಿನವೇ ಬರೆಯದೆ ಉಳಿಸುತ್ತಿದ್ದುದೇ ವ್ಯತ್ಯಾಸಕ್ಕೆ ಕಾರಣವೆಂದು ಅವರು ತೋರಿಸಿಕೊಟ್ಟ ಮೇಲೆ ಪ್ರತಿ ಸಂಜೆ ಪುಸ್ತಕ ಮುಗಿಸುವ ಕ್ರಮ ಜಾರಿಗೆ ಬಂದಿದ್ದು, ಈ ವರ್ಷ ಪುಸ್ತಕ ಮತ್ತು ದಾಸ್ತಾನು ಸರಿಯಾಗಿ ತಾಳೆಯಾಗಿವೆ. ತಪ್ಪನ್ನು ಮುಚ್ಚಿಡದೆ, ಯಾರನ್ನೂ ನೋಯಿಸದೆ ತಿದ್ದಿದ ಅವರಿಗೆ ಹೃತ್ಪೂರ್ವಕ ಧನ್ಯವಾದಗಳು. ಅಪೇಕ್ಷಿಸಿದ ಕಾಗದಪತ್ರಗಳನ್ನು ಹೊತ್ತಿಗೆ ಸರಿಯಾಗಿ ಒದಗಿಸಿದ ಕಾರ್ಯದರ್ಶಿಯವರಿಗೂ ಸಿಬ್ಬಂದಿಗೂ ವಂದನೆಗಳು.

ಒಕ್ಕೂಟದ ಮಾಹಿತಿ ನೀಡಿದ ವಿಸ್ತರಣಾಧಿಕಾರಿಗಳಿಗೆ ಹಾಗೂ ಸಭಾಂಗಣ ಒದಗಿಸಿದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಧನ್ಯವಾದಗಳು.

ಸದಸ್ಯ ಬಂಧುಗಳೇ, ಮುಂಜಾನೆ ಹಾಲು ಕರೆದು, ಡಿಪೋಗೆ ಕೊಟ್ಟು, ಹಟ್ಟಿಯ ಕೆಲಸ ಮುಗಿಸಿ, ಈ ಮಳೆಯಲ್ಲಿ ತಾವು ಇಲ್ಲಿಗೆ ಬಂದಿದ್ದೀರಿ. ಕೋರಂಗಾಗಿ ಒಂದು ನಿಮಿಷವೂ ಕಾಯಬೇಕಾಗಿ ಬರಲಿಲ್ಲ. ಡಿವಿಡೆಂಡ್ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೂ ಎರಡೂ ಕಡೆಯವರು ಮಾತನ್ನು ಪೂರ್ತಿ ಕೇಳಿಸಿಕೊಂಡು, ಕೊನೆಗೆ ಒಮ್ಮತದಿಂದ ನಿರ್ಣಯ ಕೈಗೊಂಡಿದ್ದಕ್ಕೆ ಆಡಳಿತ ಮಂಡಳಿ ತಮಗೆ ಆಭಾರಿಯಾಗಿದೆ. ತಾವು ನೀಡಿದ ಸಲಹೆಗಳನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಲಾಗಿದೆ.

ಇನ್ನು ನಮ್ಮ ಸ್ವಯಂಸೇವಕರು. ನಿನ್ನೆ ರಾತ್ರಿ ಹತ್ತು ಗಂಟೆಯವರೆಗೆ ಬೆಂಚು, ಕುರ್ಚಿ ಹೊತ್ತವರು, ಇಂದು ಕೆಸರಾದ ಅಂಗಳಕ್ಕೆ ಹಲಗೆ ಹಾಸಿ ಹಿರಿಯರನ್ನು ಕೈಹಿಡಿದು ಒಳಗೆ ಕರೆತಂದವರು, ಲೆಕ್ಕಪತ್ರ ಓದುತ್ತಿದ್ದಾಗ ಕರೆಂಟು ಹೋದಾಗ ಮೇಜಿನ ಬಳಿ ಟಾರ್ಚ್ ಹಿಡಿದು ಕೊನೆಯ ಪುಟದವರೆಗೂ ಕದಲದೆ ನಿಂತ ಹುಡುಗ, ಬೆಳಿಗ್ಗೆ ಐದಕ್ಕೇ ಅಡುಗೆಗೆ ಬಂದ ಸ್ವಸಹಾಯ ಗುಂಪಿನ ಅಕ್ಕಂದಿರು, ಇವರಲ್ಲಿ ಯಾರೂ ಸಂಭಾವನೆ ಕೇಳಿದವರಲ್ಲ. ಅವರಲ್ಲಿ ಕೆಲವರು ಈಗಲೂ ಅಡುಗೆಯ ಬಳಿ ಇರುವುದರಿಂದ ಈ ಮಾತು ಅವರ ಕಿವಿಗೆ ಬೀಳುತ್ತಿಲ್ಲ. ಊಟದ ಹೊತ್ತಿಗೆ ತಾವೆಲ್ಲರೂ ಅವರಿಗೆ ಖುದ್ದಾಗಿ ಹೇಳಬೇಕೆಂದು ಕೋರುತ್ತೇನೆ. ಧ್ವನಿವರ್ಧಕದ ವ್ಯವಸ್ಥೆ ಮಾಡಿದವರಿಗೂ, ಹೆಸರಿಸಲು ಬಿಟ್ಟುಹೋಗಿರಬಹುದಾದ ಎಲ್ಲರಿಗೂ ವಂದನೆಗಳು.

ಸಂಜೆಯ ಹಾಲು ಸಂಗ್ರಹಣೆ ಎಂದಿನಂತೆ ನಾಲ್ಕು ಗಂಟೆಗೆ ಆರಂಭವಾಗಲಿದೆ. ಅದಕ್ಕೆ ಮೊದಲು ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು. ಮಾನ್ಯ ಅಧ್ಯಕ್ಷರ ಅನುಮತಿಯೊಂದಿಗೆ, ರಾಷ್ಟ್ರಗೀತೆಗಾಗಿ ಎಲ್ಲರೂ ಎದ್ದು ನಿಲ್ಲಬೇಕೆಂದು ವಿನಂತಿಸುತ್ತೇನೆ.