ವಾಟ್ಸ್‌ಆ್ಯಪ್ ಮಾತುಕತೆಯ ದಿನಾಂಕವಾರು ದಾಖಲೆ: ಇನ್ವರ್ಟರ್ ಬ್ಯಾಟರಿ

ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡುವ ದೂರಿನ ಜೊತೆಗೆ. ನಾನು ಸೋಮವಾರಪೇಟೆಯ ಗ್ರಾಹಕಿ, ಎದುರು ಪಕ್ಷ ಕುಶಾಲನಗರದ ಬ್ಯಾಟರಿ ಅಂಗಡಿ.

ಸ್ಕ್ರೀನ್‌ಶಾಟ್ ಮೂರು. ಮೂರನ್ನೂ ತೆಗೆದದ್ದು 19-6-2025, ಗುರುವಾರ ರಾತ್ರಿ. ಪರದೆಯಲ್ಲಿ ‘ಸೋಮವಾರ’, ‘ನಿನ್ನೆ’, ‘ಇಂದು’ ಎಂದಷ್ಟೇ ಇರುವ ಕಡೆ ಆ ದಿನದಿಂದ ಹಿಂದಕ್ಕೆ ಎಣಿಸಿ ದಿನಾಂಕ ಹಾಕಿದ್ದೇನೆ. ಅವಕ್ಕೆ * ಗುರುತಿದೆ. ಮಾತುಗಳನ್ನು ತಿದ್ದಿಲ್ಲ.

2-6-2025, ಬೆಳಿಗ್ಗೆ 11:04
ಅಂಗಡಿ: “150 ಎಎಚ್, 14,500 ರೂ. 36 ತಿಂಗಳು ವಾರಂಟಿ. ಕೆಟ್ರೆ ಬದಲಾಯಿಸಿ ಕೊಡ್ತೀವಿ.”

11:09
ನಾನು: “ಸರಿ, ದುಡ್ಡು ಹಾಕಿದೀನಿ.” (ಯುಪಿಐ ರಸೀದಿಯ ಚಿತ್ರ)

12-6-2025, ಸಂಜೆ 7:40
ನಾನು: “ಕರೆಂಟ್ ಹೋದ ಹತ್ತೇ ನಿಮಿಷಕ್ಕೆ ಬ್ಯಾಟರಿ ಖಾಲಿ. ಯಾರನ್ನಾದ್ರೂ ಕಳಿಸಿ.”
ನೀಲಿ ಟಿಕ್ ಬಿದ್ದಿದೆ, ಅಂದರೆ ಓದಿದ್ದಾರೆ. ನಾಲ್ಕು ದಿನ ಉತ್ತರವಿಲ್ಲ.

16-6-2025*, ಬೆಳಿಗ್ಗೆ 9:22
ಅಂಗಡಿ: “ಮಳೆ ಜೋರಿದೆ ಮೇಡಂ, ನಾಳೆ ಹುಡುಗ ಬರ್ತಾನೆ.”

18-6-2025*, ಸಂಜೆ 5:51
ಅಂಗಡಿ: ಸಂದೇಶ ಅಳಿಸಲಾಗಿದೆ. ಏನಿತ್ತೆಂದು ನಾನು ಊಹಿಸಿ ಬರೆಯುವುದಿಲ್ಲ.

5:53
ಅಂಗಡಿ: “ನೀರು ಬಿದ್ದಿದೆ. ವಾರಂಟಿ ಬರಲ್ಲ.”
ಬ್ಯಾಟರಿಯನ್ನು ಯಾರೂ ಬಂದು ನೋಡಿರಲಿಲ್ಲ. ಇದು ನನ್ನ ಹೇಳಿಕೆ, ಚಾಟ್‌ನಲ್ಲಿಲ್ಲ.

6:10
ನಾನು: “ಹಾಲ್ ಒಳಗಿದೆ, ನೀರೆಲ್ಲಿಂದ ಬರತ್ತೆ? ಫೋಟೋ ನೋಡಿ.” (ಚಿತ್ರ)

19-6-2025*, ಬೆಳಿಗ್ಗೆ 10:30
ಅಂಗಡಿ: 42 ಸೆಕೆಂಡಿನ ಧ್ವನಿ ಸಂದೇಶ. ಸ್ಕ್ರೀನ್‌ಶಾಟ್‌ನಲ್ಲಿ ಮಾತು ಕೇಳಲ್ಲ ಅಲ್ವಾ, ಹಾಗಾಗಿ ಇಲ್ಲಿ ಬರೆದಿಲ್ಲ. ಮೂಲ ಚಾಟ್ ಫೋನಿನಲ್ಲಿ ಹಾಗೇ ಇದೆ, ಕೇಳಿದರೆ ತೋರಿಸುತ್ತೇನೆ.