ಲಿಫ್ಟ್, ರ‍್ಯಾಂಪ್, ಬೆಂಚು: ಬಿ ಬ್ಲಾಕ್‌ನವ್ರ ಮನವಿ

ಸೊಸೈಟಿ ಅಧ್ಯಕ್ಷರಿಗೆ, ಕಮಿಟಿಯವ್ರಿಗೆ ನಮಸ್ಕಾರ.

ನಾವು ಬಿ ಬ್ಲಾಕ್‌ನ 14 ಮನೆಯವ್ರು ಸೇರಿ ಬರೀತಿದೀವಿ. ಮೂರನೇ ಫ್ಲೋರಿನ ಅಜ್ಜಿ ಮಂಡಿ ಆಪರೇಷನ್ ಆದ್ಮೇಲೆ ಡಾಕ್ಟರ್ ಹತ್ರ ಹೋಗೋ ದಿನ ಬಿಟ್ರೆ ಕೆಳಗೇ ಇಳಿದಿಲ್ಲ, ಆ ದಿನಾನೂ ಪ್ಲಾಸ್ಟಿಕ್ ಕುರ್ಚೀಲಿ ಕೂರಿಸಿ ಇಬ್ರು ಹುಡುಗ್ರು ಹೊತ್ಕೊಂಡು ಇಳಿಸ್ತಾರೆ, ಪ್ರತಿ ತಿರುವಲ್ಲೂ ಅವ್ರು ಕಣ್ಮುಚ್ಕೊಂಡು ಕಂಬಿ ಹಿಡ್ಕೊಂಡುಬಿಡ್ತಾರೆ. ನೋಡಕ್ಕಾಗಲ್ಲ.

ಅದಕ್ಕೆ ಮೊದಲು ಲಿಫ್ಟ್. ವೀಲ್‌ಚೇರ್ ಸಲೀಸಾಗಿ ಹೋಗ್ಬೇಕು ಅಂದ್ರೆ ಬಾಗಿಲು 90 ಸೆಂ.ಮೀ. ಅಗಲ ಇರ್ಲಿ, ಬಟನ್ ಕೂತವ್ರಿಗೂ ಎಟುಕ್ಲಿ, ಮಗು ಕೈ ಅಡ್ಡ ಬಂದ್ರೆ ಬಾಗಿಲು ವಾಪಸ್ ತೆರೆಯೋ ಸೆನ್ಸರ್, ಕರೆಂಟ್ ಹೋದ್ರೆ ಹತ್ತಿರದ ಫ್ಲೋರಲ್ಲಿ ನಿಲ್ಲೋ ವ್ಯವಸ್ಥೆ, ಇವೆರಡನ್ನ ಮಾತ್ರ ಖರ್ಚು ಉಳಿಸಕ್ಕೆ ಬಿಡ್ಬೇಡಿ.

ಲಿಫ್ಟ್‌ಗೆ ಟೈಮ್ ಹಿಡಿಯತ್ತೆ ಗೊತ್ತು, ರ‍್ಯಾಂಪ್ ಈ ತಿಂಗಳೇ ಆಗ್ಬೋದಲ್ವಾ? ಗೇಟ್ ಹತ್ರದ ಮೂರು ಮೆಟ್ಲು ಸೇರಿ 45 ಸೆಂ.ಮೀ. ಎತ್ತರ ಇದೆ, 1:12 ಇಳಿಜಾರಿಗೆ 5.4 ಮೀಟರ್ ಉದ್ದ ಬೇಕು, ಟೇಪ್ ಹಿಡಿದು ಅಳತೆ ಮಾಡಿದೀವಿ, ಸೈಕಲ್ ಸ್ಟ್ಯಾಂಡ್ ಸ್ವಲ್ಪ ಸರಿಸಿದ್ರೆ ಜಾಗ ಸಾಕು. ಹೋದ್ಸಲದ ಥರ ಹಲಗೆ ಇಟ್ಟು ರ‍್ಯಾಂಪ್ ಅನ್ಬೇಡಿ ದಯವಿಟ್ಟು. ಎರಡೂ ಕಡೆ ಕಂಬಿ, ನೆಲಕ್ಕೆ ಜಾರದ ಟೈಲ್ಸ್ ಬೇಕು.

ಬೆಂಚು ನಾಲ್ಕು ಸಾಕು, ನೆರಳಲ್ಲಿ. ಈಗಿರೋ ಕಲ್ಲಿನ ಕಟ್ಟೆಗೆ ಬೆನ್ನೂ ಇಲ್ಲ, ಕೈ ಊರಿ ಏಳಕ್ಕೂ ಏನಿಲ್ಲ. ಮಕ್ಕಳ ಜಾರುಬಂಡೆ ಪಕ್ಕ ಒಂದು ಗಿಡ್ಡ ಬೆಂಚು ಹಾಕ್ಸಿ, ಶೂ ಹಾಕ್ಕೊಳಕ್ಕೆ ಪಾಪ ನೆಲದ ಮೇಲೆ ಕೂರ್ತವೆ.

ಮುಂದಿನ ಭಾನುವಾರದ ಮೀಟಿಂಗಲ್ಲಿ ಇದನ್ನ ಮೊದಲನೇ ವಿಷಯ ಮಾಡಿ, ಕೊಟೇಶನ್ ತರಿಸೋ ಓಡಾಟ ನಾವೇ ಮಾಡ್ತೀವಿ.

ಇಂತಿ,
ಬಿ ಬ್ಲಾಕ್ ನಿವಾಸಿಗಳು